ಸರ್ಟಿಫಿಕೇಟ್ ಗ್ವಾಡಿಗೆ, ಲೆಕ್ಕ ಎಲ್ಲಿಗೆ?

ನಮ್ಮ ಓಣ್ಯಾಗ ಒಬ್ಬರ ಮನಿಗೆ ಅರಿಷಿಣ ಕುಂಕುಮಕ್ಕ ಹೋಗಿದ್ದೆ. ಹಾಲಿನ ಗ್ವಾಡಿ ಮ್ಯಾಲ ಚೌಕಟ್ಟು ಹಾಕಿಸಿದ ಹನ್ನೊಂದು ಸರ್ಟಿಫಿಕೇಟ್. ಸೊಸಿ ಆನ್‌ಲೈನ್ ಕೋರ್ಸ್ ಮಾಡಿದ್ದಂತ. ಒಳ್ಳೇದಾತು, ಹುಡುಗಿ ಶಾಣ್ಯಾ ಅದಾಳ ಅಂತ ಖುಷೀಲೆ ನಿಂತು ಓದಿದೆ. ಒಂದರಾಗ ಎಕ್ಸೆಲ್ ಅಂತ ಇತ್ತು. ನಾ ಆವಾಗ ಅದರಾಗೇ ಒದ್ದಾಡ್ಲಿಕತ್ತಿದ್ದೆ, ಹಂಗಾಗಿ ಕೇಳೇ ಬಿಟ್ಟೆ, "ಏನವಾ, ಫಾರ್ಮುಲಾದಾಗ ಆ ಡಾಲರ್ ಚಿನ್ನಿ ಯಾಕ ಹಾಕ್ತಾರ?" ಅಂತ. ಆಕಿ ನಕ್ಕು, "ವಿಡಿಯೋದಾಗ ಹೇಳಿದ್ರು ಕಾಕು, ಈಗ ಮರ್ತೇನಿ" ಅಂದ್ಲು. ಆಕೀನ್ನ ಬೈಯಲಿಕ್ಕೆ ಇದನ್ನ ಬರೀಲಿಕತ್ತಿಲ್ಲ. ಆಕಿ ಕೋರ್ಸು ಪೂರಾ ನೋಡ್ಯಾಳ, ಪ್ರಶ್ನೆಗೆ ಟಿಕ್ ಹಾಕ್ಯಾಳ, ಪಾಸಾಗ್ಯಾಳ. ಅದಕ್ಕ "ಮುಗಿಸೋದು" ಅಂತ ಹೆಸರಿಟ್ಟವ್ರ ಮ್ಯಾಲ ನನ್ನ ಜಗಳ.

ಇನ್ನೊಂದು ಜಗಳನೂ ಅದ. ನಾ ಮೊದಲು ಒಂದು ಕೋರ್ಸ್ ಅರ್ಧಕ್ಕ ಬಿಟ್ಟಾಗ ಮನ್ಯಾಗ ಎಲ್ಲಾರೂ ಒಂದೇ ರಾಗ ಹಾಡಿದ್ರು: "ನಿನಗ ಛಲ ಇಲ್ಲ", "ಹೆಣ್ಮಕ್ಕಳಿಗೆ ಹಿಡಿದ ಕೆಲಸ ಬಿಡೋದು ಚಟ". ಹಂಗಿದ್ರ ಇದನ್ನ ಕೇಳ್ರಿ. ಅಮೆರಿಕಾದ ಹಾರ್ವರ್ಡ್ ಮತ್ತ ಎಂಐಟಿ ಅನ್ನೋ ದೊಡ್ಡ ಸಂಸ್ಥೆಗಳ ಆನ್‌ಲೈನ್ ಕೋರ್ಸಿಗೆ ಹೆಸರು ಹಚ್ಚಿದವ್ರ ಲೆಕ್ಕಾನ 2019ರಾಗ ಸೈನ್ಸ್ ಪತ್ರಿಕೆಯೊಳಗ ಹಾಕಿದ್ರು. 2017-18ರಾಗ ಹೆಸರು ಹಚ್ಚಿದ ನೂರು ಮಂದಿಯೊಳಗ ಮುಗಿಸಿದವ್ರು ಹತ್ತಿರ ಹತ್ತಿರ ಮೂರು ಮಂದಿ. ಉಳಿದ ತೊಂಬತ್ತೇಳು ಮಂದೀನೂ ರೊಟ್ಟಿ ಬಡೀಲಿಕ್ಕೆ ಎದ್ದು ಹೋದ್ರೇನು? ರೊಕ್ಕಾ ಕೊಟ್ಟು ಸರ್ಟಿಫಿಕೇಟಿನ ಸಲುವಾಗಿ ಸೇರಿದವ್ರೊಳಗ ನೂರಕ್ಕ ನಾಲ್ವತ್ತಾರು ಮಂದಿ ಮುಗಿಸ್ಯಾರ. ಅದನ್ನ ನೋಡಿ ನನ್ನ ಮಗ, "ನೋಡವಾ, ರೊಕ್ಕಾ ಕೊಟ್ರ ಮುಗಸ್ತಾರ" ಅಂದ. ತಿರಗಾಮುರಗಾ ಆತಲ್ಲೋ ತಮ್ಮಾ ಅಂದೆ. ಮೊದಲೇ ಮುಗಿಸಬೇಕಂತ ಗಟ್ಟಿ ಮಾಡಿಕೊಂಡವ್ರೇ ರೊಕ್ಕಾ ಕೊಟ್ಟಿರ್ತಾರ. ಬರೇ ರೊಕ್ಕಾ ಕೊಟ್ಟಿದ್ದಕ್ಕ ಮುಗೀತದ ಅನ್ನೋದಾಗಿದ್ರ, ನಾ 499 ಕೊಟ್ಟು ತಗೊಂಡ ಕೋರ್ಸ್ ಇವತ್ತಿಗೂ ಮೂರನೇ ಪಾಠಕ್ಕ ನಿಲ್ತಿರಲಿಲ್ಲ.

ಆ 499ರ ಕಥಿ ಒಂದೀಟು ಹೇಳಿಬಿಡ್ತೀನಿ. ಮನೀಲೆ ಕೂತು ವ್ಯಾಪಾರ ಮಾಡೋದು ಹೆಂಗ ಅಂತ ನಾಲ್ವತ್ತು ತಾಸಿನ ಕೋರ್ಸು. ಪರದೇ ಮ್ಯಾಲ ಗಡಿಯಾರ ಓಡ್ತಿತ್ತು, ಇನ್ನ ಎರಡು ತಾಸಿನಾಗ ಬೆಲೆ ಏರ್ತದ ಅಂತ. ಗಾಬರಿ ಆಗಿ ತಗೊಂಡೆ. (ಮರುದಿನ ನೋಡಿದ್ರ ಅದೇ ಗಡಿಯಾರ, ಅದೇ ಬೆಲೆ.) "ಜೀವನ ಪರ್ಯಂತ ನೋಡಬಹುದು" ಅಂತನೂ ಬರ್ದಿದ್ರು. ಅದೊಂದು ಸೌಲಭ್ಯ ಅಂತ ನಾವು ತಿಳ್ಕೋತೀವಿ, ಅದೇ ಕುತ್ತು. ಜೀವನ ಪರ್ಯಂತ ಅಂದಮ್ಯಾಲ ಇವತ್ತ್ಯಾಕ, ಶ್ರಾವಣ ಮುಗೀಲಿ, ದೀಪಾವಳಿ ಮುಗೀಲಿ. ಅದಕ್ಕಿಂತ ದೊಡ್ಡ ತಪ್ಪು ನಂದೇ ಇತ್ತು. ನನ್ನ ಕೈಯಾಗ ಆವಾಗ ಮಾರೋ ವಸ್ತುನೇ ಇರಲಿಲ್ಲ. ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಹೊಲಿದಂಗಾತು. ಕೇಳಿದ ಪಾಠಾನ ಹಚ್ಚಿ ನೋಡ್ಲಿಕ್ಕೆ ಜಾಗಾ ಇಲ್ಲ ಅಂದ್ರ ಅದು ಈ ಕಿವೀಲೆ ಬಂದು ಆ ಕಿವೀಲೆ ಹೋಗ್ತದ, ಎಷ್ಟು ಛಲ ಇದ್ರೇನು.

ಎರಡನೇ ಸಲ ಬ್ಯಾರೆ ರೀತಿ ಮಾಡಿದೆ. ನಮ್ಮ ಮಹಿಳಾ ಸಂಘದ ಲೆಕ್ಕದ ಪುಸ್ತಕ ಮೂರು ವರ್ಷದಿಂದ ನಾನೇ ಬರೀತೀನಿ. ಹದಿನಾಲ್ಕು ಮಂದಿ, ತಿಂಗಳಿಗೆ ತಲಾ ನೂರು ರೂಪಾಯಿ ಉಳಿತಾಯ, ಬೇಕಾದವ್ರಿಗೆ ಸಾಲ. ವರ್ಷದ ಕೊನಿಗೆ ಒಬ್ಬೊಬ್ಬರದೂ ಕೂಡ್ಸಿ ತೆಗೀಲಿಕ್ಕೆ ನನಗ ನಾಲ್ಕು ದಿನ ಹಿಡೀತದ, ಆದ್ರೂ ಎಲ್ಲೋ ಮೂವತ್ತು ನಾಲ್ವತ್ತು ರೂಪಾಯಿ ತಾಳಿ ಬರೋದಿಲ್ಲ. ಯಾವ ಕೋರ್ಸನ್ನೂ ತೆಗದು ನೋಡೋ ಮೊದಲ ಒಂದು ಹಾಳಿ ಮ್ಯಾಲ ಬರಕೊಂಡೆ: "ಹದಿನಾಲ್ಕು ಮಂದಿ ಪ್ರತಿಯೊಬ್ಬರ ಉಳಿತಾಯ, ಸಾಲ, ಬಡ್ಡಿ, ಒಂದೇ ಹಾಳಿ ಮ್ಯಾಲ, ಸಭಾದಾಗ ಓದಿ ಹೇಳೂವಂಗ ಇರಬೇಕು." ಆ ಹಾಳಿ ಕೈಯಾಗ ಹಿಡ್ಕೊಂಡು ಕೋರ್ಸು ಹುಡುಕಿದೆ.

ಎರಡು ಸಿಕ್ಕವು, ಎರಡೂ ಸ್ಪ್ರೆಡ್‌ಶೀಟ್ ಕಲಿಸೋವು, ಎರಡೂ ಪುಕ್ಕಟೆ. ಎಲ್ಲಾರೂ ಮೊದಲನೇ ವಿಡಿಯೋ ನೋಡಿ ಮಾಸ್ತರು ಚಲೋ ಮಾತಾಡ್ತಾರ ಅಂತ ಆರಿಸ್ತಾರ. ಮೊದಲನೇ ವಿಡಿಯೋ ಅಂದ್ರ ಅಂಗಡಿ ಮುಂದಿನ ಬೋರ್ಡ್ ಇದ್ದಂಗ್ರಿ, ಅದು ಎಲ್ಲಾರದೂ ಛಂದನ ಇರ್ತದ. ನಾ ಕೊನೇ ಪಾಠ ತೆಗದೆ. ಒಂದರಾಗ ಅರವತ್ತೆರಡು ಪಾಠ, ಕೊನಿಗೆ ಸರಿ ಉತ್ತರಕ್ಕ ಟಿಕ್ ಹಾಕೋ ಪರೀಕ್ಷಾ. ಇನ್ನೊಂದರಾಗ ಇಪ್ಪತ್ನಾಲ್ಕೇ ಪಾಠ, ಪಾಠಕ್ಕೊಂದು ಕೈಲೆ ಮಾಡೋ ಫೈಲು, ಕೊನಿಗೆ ಒಂದು ಮನೀದು ತಿಂಗಳ ಖರ್ಚಿನ ಪಟ್ಟಿ ತಯಾರು ಮಾಡಬೇಕು. ಮನಿ ಖರ್ಚಿನ ಪಟ್ಟಿಗೂ ಸಂಘದ ಲೆಕ್ಕಕ್ಕೂ ಅಂಥಾ ದೂರ ಇಲ್ಲ. ಅದನ್ನೇ ಹಿಡದೆ. ವಿಡಿಯೋ ಎಲ್ಲಾ ಕೂಡಿ ಒಂಬತ್ತು ತಾಸಿನವು. ಆದ್ರ ಒಂದು ತಾಸಿನ ವಿಡಿಯೋಕ್ಕ ಮಾಡಿ ನೋಡೋದು ಹಿಡದು ನನಗ ಮೂರರಿಂದ ನಾಲ್ಕು ತಾಸು ಬೇಕಾತು. ಆ ಲೆಕ್ಕದಾಗ ನಾಲ್ವತ್ತು ತಾಸಿನ ಕೋರ್ಸು ನೂರೈವತ್ತು ತಾಸು ಕೇಳ್ತಿತ್ತು. ದಿನಕ್ಕ ಒಂದು ತಾಸು ಸಿಗೋ ಹೆಂಗಸಿಗೆ ಅದನ್ನ ಮಾರಿದವ್ರಿಗೆ ಏನನ್ನಬೇಕು?

ಇಪ್ಪತ್ನಾಲ್ಕರೊಳಗ ನನಗ ಬೇಕಾದವು ಹದಿನೇಳು ಅಂತ ಮೊದಲ ದಿನಾನೇ ಗುರ್ತು ಹಾಕಿದೆ. ಬಣ್ಣಾ ತುಂಬೋದು, ಚಿತ್ರದ ಪಟ್ಟಿ, ಅಂಥಾ ಏಳು ಬಿಟ್ಟೆ. ಇಲ್ಲೆ ಒಂದು ಮಾತು. ಮೊದಲ ದಿನ ಬಿಟ್ರ ಅದು ಆರಿಸೋದು. ನಡಬರಕ, ತಿಳೀಲಿಲ್ಲಂತ ಬಿಟ್ರ ಅದು ಓಡಿಹೋಗೋದು. ಎರಡನ್ನೂ ಕಲಿಸಬ್ಯಾಡ್ರಿ, ಹದಿಮೂರನೇ ಪಾಠಕ್ಕ ನಾನೂ ಕಲಿಸ್ಲಿಕ್ಕೆ ಹೊಂಟಿದ್ದೆ.

ಇನ್ನ ಮೈಲಿಗಲ್ಲು. "ವಾರಕ್ಕ ಎರಡು ಪಾಠ ನೋಡಬೇಕು" ಅಂತ ಮಂದಿ ಇಟ್ಕೋತಾರ. ಅದು ಮೈಲಿಗಲ್ಲಲ್ಲ, ಬರೇ ನಡದ ಹೆಜ್ಜಿ ಎಣಿಸೋದು. ಊರು ಹತ್ತಿರ ಬಂತೋ ಇಲ್ಲೋ ಅದರಿಂದ ಗೊತ್ತಾಗೋದಿಲ್ಲ. ಎನ್‌ಪಿಟೆಲ್‌ನವ್ರದು ಇದರಾಗ ಒಂದು ಪದ್ಧತಿ ಚಲೋ ಅದ. ನನ್ನ ತಂಗೀ ಮಗಳು ಅಲ್ಲೆ ಹನ್ನೆರಡು ವಾರದ್ದೊಂದು ಮಾಡಿದ್ಲು. ವಾರ ವಾರಕ್ಕ ತಾರೀಖು ಹಾಕಿ ಕೆಲಸ ಕೊಡ್ತಾರ, ಅದಕ್ಕ ಇಪ್ಪತ್ತೈದು ಅಂಕ, ಪರೀಕ್ಷಾಕ್ಕ ಎಪ್ಪತ್ತೈದು. ತಾರೀಖು ದಾಟಿದ್ರ ದಾಟಿತು. ನನ್ನ ಪುಕ್ಕಟೆ ಕೋರ್ಸಿಗೆ ತಾರೀಖೇ ಇರಲಿಲ್ಲ. ಹಂಗಾಗಿ ನಮ್ಮ ಸಂಘದ ಸಭಾನೇ ತಾರೀಖು ಮಾಡಿದೆ. ಪ್ರತಿ ತಿಂಗಳ ಎರಡನೇ ಶನಿವಾರ ಸಭಾ ಸೇರ್ತದ, ಅದನ್ನ ನಾ ಮುಂದೂಡ್ಲಿಕ್ಕೆ ಬರೋದಿಲ್ಲ. ಜೂನ್‌ನಿಂದ ಸಪ್ಟೆಂಬರ್ ತನಕ ನಾಲ್ಕು ಸಭಾ, ನಾಲ್ಕು ಹಾಳಿ: ಮೊದಲ ಸಭಾಕ್ಕ ಒಂದು ತಿಂಗಳ ಉಳಿತಾಯ, ಎರಡನೇದಕ್ಕ ಒಬ್ಬರ ಸಾಲ, ಮೂರನೇದಕ್ಕ ಒಂದು ಪೂರಾ ವರ್ಷದ ಉಳಿತಾಯ, ನಾಲ್ಕನೇದಕ್ಕ ಎಲ್ಲಾ ಕೂಡಿ. ಎಷ್ಟು ಪಾಠ ನೋಡಿದಿ ಅಂತ ಯಾರೂ ಕೇಳೋವ್ರಿಲ್ಲ. ಹಾಳಿ ಎಲ್ಲಿ ಅಂತ ಹದಿಮೂರು ಮಂದಿ ಕೇಳ್ತಾರ.

ಮೊದಲನೇ ಹಾಳಿ ಏನ್ ಮಹಾ ಅನ್ಕೊಂಡೆ. ಹದಿನಾಲ್ಕು ಹೆಸರು, ಹದಿನಾಲ್ಕು ನೂರು, ಕೆಳಗ ಕೂಡ್ಸೋ ಫಾರ್ಮುಲಾ. ಸಾವಿರದ ನಾಲ್ಕುನೂರು ಬರಬೇಕಿತ್ತು. ಬಂದದ್ದು ಸೊನ್ನಿ. ಪಾಠ ತಿರುಗಿ ನೋಡಿದೆ, ಫಾರ್ಮುಲಾ ಅಕ್ಷರಕ್ಕಕ್ಷರ ಸರಿ ಅದ. ಕೋರ್ಸಿನ ಫೈಲಿನಾಗ ಮಾಡಿದ್ರ ಬರ್ತದ, ನನ್ನದ್ರಾಗ ಬರೋದಿಲ್ಲ. ಎರಡು ದಿನ ಹಿಂಗೇ ಹೋತು. ಮೂರನೇ ದಿನ ಎರಡೂ ಫೈಲು ಬಾಜೂಕ ಬಾಜೂಕ ಇಟ್ಟು ನೋಡಿದಾಗ ಕಣ್ಣಿಗೆ ಬಿತ್ತು: ಅವರ ಅಂಕಿಗಳೆಲ್ಲಾ ಮನೀ ಬಲಗಡೆ ಗ್ವಾಡಿಗೆ ಹತ್ಯಾವ, ನನ್ನವು ಎಡಗಡೆ. ಯಾಕಂದ್ರ ನಾ ಪುಸ್ತಕದಾಗ ಬರೆಯೋ ರೂಢಿಲೆ `100/-` ಅಂತ ಹೊಡದಿದ್ದೆ. ಆ ಗೀಟು ಬಿದ್ದಕೂಡ್ಲೆ ಕಂಪ್ಯೂಟರಿಗೆ ಅದು ಅಂಕಿ ಅಲ್ಲ, ಒಂದು ಶಬ್ದ. ಶಬ್ದಾನ ಅದು ಕೂಡ್ಸೋದಿಲ್ಲ, ತಪ್ಪಂತನೂ ಹೇಳೋದಿಲ್ಲ, ಸುಮ್ಮನ ದಾಟಿ ಹೋಗ್ತದ. ಒಂದು ವ್ಯಾಳೆ ಹದಿನಾಲ್ಕರೊಳಗ ಎರಡಕ್ಕಷ್ಟೇ ಗೀಟು ಹಾಕಿದ್ದೆ ಅಂದ್ರ ಸಾವಿರದ ಇನ್ನೂರು ಬಂದು, ನಾ ಖರೇ ಅಂತ ನಂಬಿಬಿಡ್ತಿದ್ದೆ.

ಇಲ್ಲೇ ನೋಡ್ರಿ ನನ್ನ ವಾದ. ಕೋರ್ಸಿನವ್ರು ಕೊಡೋ ಫೈಲು ಹಸನ ಮಾಡಿ ಇಟ್ಟ ಜೋಳ ಇದ್ದಂಗ. ನಮ್ಮ ಮನೀ ಲೆಕ್ಕ ಕಲ್ಲು, ಹೊಟ್ಟು, ಕಡ್ಡಿ ಸಮೇತ ಇರ್ತದ. ಹಸನಾದ ಜೋಳಾನ ಬೀಸಿ ತೋರ್ಸಿ ಸರ್ಟಿಫಿಕೇಟ್ ಕೊಡ್ತಾರ, ಹಸನ ಮಾಡೋ ಕೆಲಸದ ಹೆಸರೇ ತಗಿಯೂದಿಲ್ಲ. ನಮ್ಮ ಸ್ವಂತ ಜೋಳ ತಂದು ಸುರುವಿದಾಗಷ್ಟೇ ಕಲ್ಲು ಹಲ್ಲಿಗೆ ಸಿಗ್ತದ.

ಎರಡನೇ ಹಾಳಿ ಸಾಲದ್ದು. ಹೂವಿನ ವ್ಯಾಪಾರ ಮಾಡೋ ನಮ್ಮ ಅಕ್ಕಾರು ಹತ್ತು ಸಾವಿರ ತಗೊಂಡು, ತಿಂಗಳಿಗೆ ಸಾವಿರದಂಗ ಹತ್ತು ಕಂತಿನಾಗ ತೀರ್ಸಿದ್ರು. ಬಡ್ಡಿ ತಿಂಗಳಿಗೆ ನೂರಕ್ಕ ಎರಡು. ಮೊದಲ ಅವರದೇ ಮಾಡ್ತೀನಿ, ಸಾಲ ಮುಗದದ, ಉತ್ತರ ಗೊತ್ತದ, ತಾಳಿ ನೋಡ್ಲಿಕ್ಕೆ ಸಲೀಸು ಅಂತ ಆರಿಸಿದೆ. `B1` ಮನ್ಯಾಗ ಬಡ್ಡಿ ದರ 2% ಇಟ್ಟೆ. ಮೂರನೇ ಸಾಲಿನಾಗ ತಲೆಬರಹ. ನಾಲ್ಕನೇ ಸಾಲಿನಿಂದ ತಿಂಗಳ ಲೆಕ್ಕ: `B` ಒಳಗ ಬಾಕಿ ಅಸಲು, `C` ಒಳಗ ಬಡ್ಡಿ, `D` ಒಳಗ ಕಂತು, `E` ಒಳಗ ಉಳಿದ ಅಸಲು. ಬಡ್ಡಿಗೆ `=B4*B1` ಅಂತ ಬರದು ಕೆಳಗ ತನಕ ಎಳದೆ. ಮೊದಲನೇ ತಿಂಗಳು 200, ಬರೋಬ್ಬರಿ. ಎರಡನೇ ತಿಂಗಳು ಸೊನ್ನಿ. ಮೂರನೇ ತಿಂಗಳು `#VALUE!`. ನಾಲ್ಕನೇ ತಿಂಗಳಿಗೆ ಆ ಹೂವಿನ ಅಕ್ಕಾರ ಬಡ್ಡಿ ಏಳು ಕೋಟಿ ರೂಪಾಯಿ!

ನಕ್ಕೂ ನಕ್ಕೂ ಸಾಕಾತು, ಆಮ್ಯಾಲ ಒಂದೊಂದೇ ಮನಿ ಮ್ಯಾಲ ಒತ್ತಿ ಫಾರ್ಮುಲಾ ಓದಿದೆ. ಕೆಳಗ ಎಳದಾಗ ಅದೂ ಒಂದೊಂದು ಸಾಲು ಕೆಳಗ ಇಳೀತದ. ಎರಡನೇ ತಿಂಗಳಿಗೆ `B1` ಬಿಟ್ಟು `B2` ಹಿಡದದ, ಅಲ್ಲೆ ಖಾಲಿ, ಅದಕ್ಕ ಸೊನ್ನಿ. ಮೂರನೇದಕ್ಕ `B3`, ಅಲ್ಲೆ ತಲೆಬರಹ, ಶಬ್ದಾನ ಗುಣಿಸ್ಲಿಕ್ಕೆ ಬರೋದಿಲ್ಲ. ನಾಲ್ಕನೇದಕ್ಕ `B4`, ಅಲ್ಲೆ ಹತ್ತು ಸಾವಿರ. ಬಾಕಿ ಏಳು ಸಾವಿರಾನ ಹತ್ತು ಸಾವಿರಲೆ ಗುಣಿಸಿ ಏಳು ಕೋಟಿ ಮಾಡಿಟ್ಟದ. ಆ ಒಂದು ಮನಿ ಅಲುಗಾಡದಂಗ ಮೊಳಿ ಹೊಡೀಬೇಕು. ಆ ಮೊಳೀನೇ ಡಾಲರ್ ಚಿನ್ನಿ:

```
C4:  =B4*$B$1
E4:  =B4-D4
B5:  =E4
```

ಡಾಲರ್ ಚಿನ್ನಿ ಪಾಠ ನಾ ಎರಡು ಸಲ ನೋಡಿದ್ದೆ, ಟಿಪ್ಪಣಿನೂ ಬರಕೊಂಡಿದ್ದೆ. ಏಳು ಕೋಟಿ ಬಂದಮ್ಯಾಲ ಟಿಪ್ಪಣಿ ಬೇಕಾಗಲಿಲ್ಲ.

ಸರಿಮಾಡಿ ಹತ್ತೂ ತಿಂಗಳ ಬಡ್ಡಿ ಕೂಡ್ಸಿದೆ. 200, 180, 160, ಹಂಗ ಇಳೀತಾ ಇಳೀತಾ ಕೊನಿಗೆ 20. ಒಟ್ಟು 1,100. ಪುಸ್ತಕ ತೆಗದು ನೋಡಿದೆ. ನನ್ನದೇ ಕೈಬರಹ, ತಿಂಗಳಿಗೆ 200ರಂಗ ಹತ್ತು ಸಲ, ಒಟ್ಟು 2,000.

ನಾ ಮತ್ತ ಎಲ್ಲೋ ಫಾರ್ಮುಲಾ ತಪ್ಪಿರಬೇಕಂತ ಮೂರು ಸಲ ಮಾಡಿದೆ. ಕೈಲೆ ಮಾಡಿದೆ. ತಪ್ಪಿದ್ದು ಫಾರ್ಮುಲಾ ಅಲ್ಲ. ಸಂಘ ಸುರು ಆದಾಗ ಬರದ ನಿಯಮದಾಗ "ಉಳಿದ ಅಸಲಿನ ಮೇಲೆ ತಿಂಗಳಿಗೆ ಶೇಕಡಾ 2" ಅಂತ ಸ್ವಚ್ಛ ಇತ್ತು. ನಾ ಪುಸ್ತಕ ಹಿಡದಾಗ ಮೊದಲಿನವ್ರು ಬರದಂಗ ನೋಡಿ, ಹತ್ತು ಸಾವಿರಕ್ಕ ಇನ್ನೂರು ಅಂತ ಸಲೀಸು ಲೆಕ್ಕ ಹಿಡದು, ಅಸಲು ಇಳದ್ರೂ ಬಡ್ಡಿ ಇಳಸದನೇ ಬರಕೋತ ಬಂದಿದ್ದೆ. ಅಕ್ಕಾರು ಬಿಸಲಾಗ ಕೂತು ಮೊಳಾ ಲೆಕ್ಕದಾಗ ಹೂವು ಮಾರಿ ಒಂಬೈನೂರು ರೂಪಾಯಿ ಜಾಸ್ತಿ ಕಟ್ಟಿದ್ರು, ನನ್ನ ಕೈಲೆ. ಅವತ್ತ ರಾತ್ರಿ ಊಟ ಸೇರಲಿಲ್ಲ ನನಗ.

ಇದೇ ಪಾಠಾನ ನಾ ಕೋರ್ಸಿನ ಫೈಲಿನ ಮ್ಯಾಲ ಮಾಡಿ ನೂರಕ್ಕ ನೂರು ತಗೊಂಡಿದ್ರ? ಪಾಠ ಮುಗೀತಿತ್ತು, ಪರದೇ ಮ್ಯಾಲ ಹಸರು ಟಿಕ್ ಬೀಳ್ತಿತ್ತು, ಒಂಬೈನೂರು ಹಂಗೇ ಮುಚ್ಚಿಹೋಗ್ತಿತ್ತು. "ಮೊದಲ ಕೋರ್ಸ್ ಪೂರಾ ಮುಗಸು, ಆಮ್ಯಾಲ ನಿನ್ನ ಕೆಲಸಕ್ಕ ಹಚ್ಚು" ಅಂತ ನನ್ನ ಮಗ ಹೇಳ್ತಿದ್ದ, ಭಾಳ ಮಂದಿ ಓದಿದವ್ರೂ ಹಂಗೇ ಅಂತಾರ. ಆ ಮಾತಿಗೇ ನನ್ನ ವಿರೋಧ. ಆಮ್ಯಾಲ ಅನ್ನೋದು ಬರೋದಿಲ್ರಿ. ಬಂದ್ರೂ ಅಷ್ಟೊತ್ತಿಗೆ ಎರಡನೇ ಪಾಠ ಮರ್ತಿರ್ತದ.

ಜುಲೈ ಸಭಾದಾಗ ಆ ಹಾಳಿ ಇಟ್ಟು ಎಲ್ಲಾರ ಮುಂದ ಹೇಳಿದೆ, ತಪ್ಪು ನಂದು ಅಂತ. ಹೇಳೋ ಮೊದಲ ಕೈ ನಡುಗ್ತಿತ್ತು. ಹೂವಿನ ಅಕ್ಕಾರು ಒಂದೂ ಮಾತಾಡ್ಲಿಲ್ಲ, ಹಾಳಿ ತಗೊಂಡು ಬೆರಳು ಹಚ್ಚಿ ಒಂದೊಂದೇ ಸಾಲು ನೋಡಿದ್ರು. ಒಬ್ರು, "ಆ ಬಡ್ಡಿ ವರ್ಷದ ಕೊನಿಗೆ ನಮಗೆಲ್ಲಾರಿಗೂ ಹಂಚಿಕೊಂಡೇವಲ್ಲ, ಈಗ್ಯಾಕ ಕೆದಕೋದು?" ಅಂದ್ರು. ಇನ್ನೊಬ್ರು, "ಹಂಚಿಕೊಂಡದ್ದು ಹದಿನಾಲ್ಕು ಮಂದಿ, ಕಟ್ಟಿದ್ದು ಆಕಿ ಒಬ್ಬಾಕಿ" ಅಂದ್ರು. ಜಗಳ ಆತು, ಚಹಾ ಆರಿಹೋತು. ಕೊನಿಗೆ ಆ ಒಂಬೈನೂರನ್ನ ಸಂಘದ ಲಾಭದಾಗಿಂದ ಮುರದು, ಅಕ್ಕಾರ ಮುಂದಿನ ಒಂಬತ್ತು ತಿಂಗಳ ಉಳಿತಾಯಕ್ಕ ಜಮಾ ಹಿಡೀಬೇಕಂತ ಠರಾವು ಆತು.

ಮೂರನೇ ಹಾಳಿಗೆ ಬಂದಾಗ ನಾ ಓಡಿಹೋಗ್ಲಿಕ್ಕೆ ಹೊಂಟಿದ್ದೆ ಅಂದ್ನೆಲ್ಲಾ, ಆ ಹದಿಮೂರನೇ ಪಾಠ ಅಂದ್ರ `SUMIF`. ಉದ್ದ ಪಟ್ಟಿಯೊಳಗಿಂದ ಒಬ್ಬರದಷ್ಟೇ ಆರಿಸಿ ಕೂಡ್ಸೋದು. ವರ್ಷಕ್ಕ ಹದಿನಾಲ್ಕು ಮಂದೀದು ಹನ್ನೆರಡು ತಿಂಗಳು, 168 ಸಾಲು. ಪಾಠ ತಿಳೀತು, ನನ್ನ ಪಟ್ಟಿಗೆ ಹಚ್ಚಿದ್ರ ಒಬ್ಬರದು ಹನ್ನೆರಡು ನೂರು ಬರ್ತದ, ಒಬ್ಬರದು ಏಳು ನೂರು. ಕಾರಣ ಏನಂದ್ರ ನಾ ಒಂದು ಕಡೆ ಹೆಸರಿನ ಮುಂದ "ಅಕ್ಕ" ಅಂತ ಬರದೀನಿ, ಒಂದು ಕಡೆ "ಅಕ್ಕಾ" ಅಂತ ದೀರ್ಘ ಎಳದೀನಿ, ಒಂದೆರಡು ಕಡೆ ಹೆಸರಿನ ಕೊನಿಗೆ ಕಾಣದ ಒಂದು ಖಾಲಿ ಜಾಗಾ ಬಿಟ್ಟೀನಿ. ನಮಗ ಒಬ್ಬರೇ, ಅದಕ್ಕ ಮೂರು ಮಂದಿ. ಹೆಸರಿನ ಗೊಡವೀನೇ ಬ್ಯಾಡಂತ ಎಲ್ಲಾರಿಗೂ ಒಂದರಿಂದ ಹದಿನಾಲ್ಕು ನಂಬರ ಕೊಟ್ಟೆ:

```
=SUMIF(B2:B200,7,C2:C200)
```

ಏಳನೇ ನಂಬರಿನವ್ರ ರೊಕ್ಕ ಅಷ್ಟೂ ಕೂಡ್ಸು ಅಂತ ಅರ್ಥ. ಆಮ್ಯಾಲ ಹದಿನಾಲ್ಕೂ ಮಂದೀದು ಕೂಡ್ಸಿದ್ರ 16,500, ಪೂರಾ ಪಟ್ಟಿ ಒಮ್ಮೆಲೆ ಕೂಡ್ಸಿದ್ರ 16,800. ಮುನ್ನೂರು ಎಲ್ಲಿ ಹೋತು? ಮೂರು ಸಾಲಿನಾಗ ರೂಢಿಲೆ ನಂಬರ ಬದ್ಲಿ ಹೆಸರು ಹೊಡದಿದ್ದೆ. ಹಿಂಗ ಎರಡು ದಾರೀಲೆ ಕೂಡ್ಸಿ ತಾಳಿ ನೋಡೋದನ್ನ ಕೋರ್ಸಿನಾಗ ಯಾರೂ ಹೇಳಲಿಲ್ಲ. ಅದು ನಮ್ಮ ಅಪ್ಪ ಕಿರಾಣಿ ಅಂಗಡ್ಯಾಗ ಖಾತೆ ಪುಸ್ತಕಕ್ಕ ಮಾಡ್ತಿದ್ದ ರೀತಿ.

ಸಪ್ಟೆಂಬರ್ ಸಭಾದಾಗ ನಾಲ್ಕನೇ ಹಾಳಿ ಓದಿದೆ. ನಾಲ್ಕು ದಿನದ ಕೆಲಸ ಅರ್ಧಾ ತಾಸಿನಾಗ ಮುಗದಿತ್ತು, ಒಂದು ರೂಪಾಯಿನೂ ಆಚೀಚೆ ಇರಲಿಲ್ಲ.

ನನ್ನ ಕೋರ್ಸಿನ ಪುಟ ತೆಗದ್ರ ಇವತ್ತಿಗೂ 71% ಅಂತ ತೋರಸ್ತದ. ವಾರಕ್ಕೊಂದು ಪತ್ರ ಬರ್ತದ, "ನೀವು ಇನ್ನೂ ಮುಗಿಸಿಲ್ಲ, ಸರ್ಟಿಫಿಕೇಟ್ ನಿಮ್ಮನ್ನ ಕಾಯ್ತಾ ಇದೆ" ಅಂತ. ಮಗನೂ ಚಾಷ್ಟಿ ಮಾಡ್ತಾನ, "ಅವ್ವಾ, ಇನ್ನೊಂದು ಏಳು ಪಾಠ ನೋಡಿಬಿಡು, ಗ್ವಾಡಿಗೆ ಹಾಕೋಣು" ಅಂತ. ಗ್ವಾಡಿ ಮ್ಯಾಲ ಜಾಗಾ ಇಲ್ಲಪಾ ಅಂದೀನಿ. ಸದ್ಯಕ್ಕ ಹಳೇ ಪುಸ್ತಕದಾಗ ಇನ್ನ ಮೂರು ಮಂದಿ ಸಾಲ ಅವ, ಎಲ್ಲಾ ನಾನೇ ಹಂಗೇ ಬಡ್ಡಿ ಬರದಿದ್ದು. ಒಂದು ಸಾಲದ ನಡಬರಕ ಎರಡು ತಿಂಗಳು ಕಂತೇ ಕಟ್ಟಿಲ್ಲ, ಅದಕ್ಕ `D` ಸಾಲಿನಾಗ ಸೊನ್ನಿ ಹಾಕಿ ನೋಡಬೇಕು. ಬರೋ ಎರಡನೇ ಶನಿವಾರದೊಳಗ ಮೂರೂ ಹಾಳಿ ತರ್ತೀನಿ ಅಂತ ಅವರಿಗೆ ಹೇಳಿ ಬಂದೀನಿ.